15 ಸೆಕೆಂಡಿನ ಕಾಯಿ ತುರಿಯೋ ಮಷೀನ್ ಜಾಹೀರಾತು: ಸಮಸ್ಯೆ, ಕೆಣಕು, ಪರಿಹಾರ ಮೂರೂ ಇದೆ, ಆದರೂ ಕೂರ್ತಿಲ್ಲ

ಹೊಸ_ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ಪಾತ್ರೆ ಅಂಗಡಿಯೊಂದಕ್ಕೆ ಜಾಹೀರಾತು ಮಾಡಿದ್ದೀನಿ. ವಸ್ತು ಕಾಯಿ ತುರಿಯೋ ಕೈ ಮಷೀನು. ಲಿವರ್ ಒತ್ತಿ ರಬ್ಬರ್ ಬುಡವನ್ನ ಅಡುಗೆಕಟ್ಟೆಗೆ ಅಂಟಿಸಿ, ಒಂದು ಕೈಲಿ ಕಾಯಿ ಹೋಳು ಹಿಡಿದು ಇನ್ನೊಂದು ಕೈಲಿ ಹಿಡಿ ತಿರುಗಿಸೋ ಮಾದರಿ. ಮೊದಲು ಸಮಸ್ಯೆ, ಆಮೇಲೆ ಅದನ್ನ ಕೆಣಕೋದು, ಕೊನೆಗೆ ಪರಿಹಾರ ಅನ್ನೋ ಕ್ರಮವನ್ನೇ ಇಟ್ಟಿದ್ದೀನಿ.

0ರಿಂದ 3 ಸೆಕೆಂಡ್: ನೆಲದಲ್ಲಿ ಕೂತು ತುರಿಮಣೆ ಮೇಲೆ ಕಾಯಿ ತುರಿಯೋದು.
3ರಿಂದ 9: ಮಂಡಿ ನೋವು, ಬೆರಳಿಗೆ ಹಲ್ಲು ತಾಗೋದು, ತುರಿ ನೆಲಕ್ಕೆ ಚೆಲ್ಲೋದು. ಇದಿಷ್ಟೂ ಕಪ್ಪು ಬಿಳುಪು.
9ರಿಂದ 13: ಮಷೀನು. ತುಕ್ಕು ಹಿಡಿಯಲ್ಲ, ಜಾರಲ್ಲ, ತೊಳೆಯೋದು ಸುಲಭ.
13ರಿಂದ 15: ಬೆಲೆ, ಅಂಗಡಿ ಹೆಸರು.

ಹಿನ್ನೆಲೆ ಧ್ವನಿ 43 ಪದ. ಯೂಟ್ಯೂಬಲ್ಲಿ 5ನೇ ಸೆಕೆಂಡಿಗೆ ಜನ ದಬದಬ ಬಿಟ್ಟು ಹೋಗ್ತಾರೆ, ಉಳಿದವರಲ್ಲಿ ಮತ್ತಷ್ಟು ಜನ 9ರ ಹತ್ತಿರ ಹೋಗ್ತಾರೆ. ಒಬ್ಬರು ಕೆಳಗೆ ಬರೆದಿದ್ದಾರೆ, "ಮಂಡಿ ನೋವಿನ ಎಣ್ಣೆ ಜಾಹೀರಾತು ಅಂದ್ಕೊಂಡೆ" ಅಂತ. ಕ್ರಮ ಸರಿ ಇದ್ದೂ ಎಲ್ಲಿ ಕೆಟ್ಟಿದೆ?

ಬಿಸಿ_ಸುದ್ದಿ:
ಕೆಣಕೋದು ಸಾಲ್ತಿಲ್ಲ ಬ್ರೋ. ನೋಡೋರಿಗೆ ಗಾಯದ ಮೇಲೆ ಬರೆ ಎಳೆದ ಹಾಗೆ ಆಗ್ಬೇಕು. ಬೆರಳಿಂದ ರಕ್ತ ತೋರಿಸಿ, ಒಲೆ ಮೇಲೆ ಹಾಲು ಉಕ್ಕಲಿ, ಮಗು ಅಳಲಿ, ಜೊತೆಗೆ ಢಣ್ ಅಂತ ಸಂಗೀತ. ನೋವು ಜಾಸ್ತಿ ಆದಷ್ಟೂ ಪರಿಹಾರ ಬಂದಾಗ ಹಾಯ್ ಅನ್ಸುತ್ತೆ.

ಎಡಿಟ್_ಮೇಜು:
ಬಿಸಿ ಸುದ್ದಿಯವರು ಹೇಳಿದ್ದರಲ್ಲಿ ಒಂದು ಮಾತು ಬಂಗಾರದಂಥದ್ದು, ಹಾಲು ಉಕ್ಕೋದು. ಉಳಿದದ್ದನ್ನೆಲ್ಲ ಸೇರಿಸಿದರೆ ಕಾಯಿಲೆ ಇನ್ನೂ ಜೋರಾಗುತ್ತೆ.

ನಿಮ್ಮ ಜಾಹೀರಾತಿನಲ್ಲಿ ಕೆಣಕು ಕಡಿಮೆ ಆಗಿಲ್ಲ, ಚೂರುಚೂರಾಗಿದೆ. ಮಂಡಿ, ಬೆರಳು, ಚೆಲ್ಲೋದು ಅಂತ ಮೂರು ಹೊಸ ಸಮಸ್ಯೆ ತಂದಿದ್ದೀರಿ. ಕೆಣಕೋದು ಅಂದರೆ ಹೊಸ ತೊಂದರೆ ತರೋದಲ್ಲ, ಮೊದಲು ತೋರಿಸಿದ ಅದೇ ತೊಂದರೆಯಿಂದ ಈ ಕ್ಷಣದಲ್ಲಿ ಏನು ಕೆಡ್ತಿದೆ ಅಂತ ತೋರಿಸೋದು. ಒಂದು ನಿಮಿಷದ ಜಾಹೀರಾತಲ್ಲಾದರೆ ಮೂರು ಪರಿಣಾಮಕ್ಕೂ ಜಾಗ ಇರುತ್ತೆ. 15 ಸೆಕೆಂಡಲ್ಲಿ ಒಂದಕ್ಕೆ ಮಾತ್ರ. ಅದೂ ಅಡುಗೆಮನೆ ವಸ್ತುವಿಗೆ 2 ಸೆಕೆಂಡ್ ಧಾರಾಳ, ಯಾಕಂದ್ರೆ ತುರಿಮಣೆ ಕಷ್ಟ ಏನು ಅಂತ ನೋಡೋರಿಗೆ ನಾವು ಕಲಿಸಬೇಕಾಗಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮಂಡಿ ನೋವು ಅಂತ ಕೆಣಕಿ, ತುಕ್ಕು ಹಿಡಿಯಲ್ಲ ಅಂತ ಉತ್ತರ ಕೊಟ್ಟಿದ್ದೀರಿ. ಕೇಳಿದ್ದೇ ಒಂದು, ಹೇಳಿದ್ದೇ ಒಂದು. 9ರಲ್ಲಿ ಜನ ಬಿಡ್ತಿರೋದು ಈ ಬೆಸುಗೆ ಬಿಟ್ಟಿರೋದಕ್ಕೆ. 5ರ ಕಾರಣ ಬೇರೆ. ಸ್ಕಿಪ್ ಬಟನ್ ಬರೋದೇ ಆಗ, ಅಷ್ಟರೊಳಗೆ ಮಷೀನಿನ ಮುಖವನ್ನೇ ತೋರಿಸಿಲ್ಲ. ಅವರು ಎಣ್ಣೆ ಅಂದ್ಕೊಂಡಿದ್ದು ತಪ್ಪಲ್ಲ.

ಹೊಸ_ಕ್ಯಾಮೆರಾ:
ಸರ್, ಹಾಗಾದ್ರೆ ಮೂರರಲ್ಲಿ ಯಾವುದನ್ನ ಇಟ್ಕೊಳ್ಳಲಿ? ಬೆರಳಿನದು ಜೋರಾಗಿದೆ ಅನ್ಸುತ್ತೆ.

ಎಡಿಟ್_ಮೇಜು:
ಜೋರಾಗಿರೋದನ್ನಲ್ಲ, ಮಷೀನು ಒಂದೇ ಶಾಟಲ್ಲಿ ಉತ್ತರ ಕೊಡೋಕಾಗೋದನ್ನ ಇಟ್ಕೊಳ್ಳಿ. ಬೆರಳು ಕುಯ್ಯಲಿಲ್ಲ ಅನ್ನೋದನ್ನ ಹೇಗೆ ತೋರಿಸ್ತೀರಿ? ಆಗದೇ ಇದ್ದದ್ದು ಕ್ಯಾಮೆರಾಗೆ ಕಾಣಲ್ಲ. ಮಂಡಿ ನೋವೂ ಅಷ್ಟೇ. ಆದರೆ ನೆಲದಲ್ಲಿ ಕೂತಿದ್ದವರು ಕಟ್ಟೆ ಮುಂದೆ ನಿಂತಿರೋದು ಅರೆಕ್ಷಣದಲ್ಲಿ ಕಾಣುತ್ತೆ. ಹಾಗಾಗಿ ಸಮಸ್ಯೆ ಅಂದ್ರೆ ನೆಲಕ್ಕೆ ಕೂರಬೇಕಾಗಿರೋದು. ಕೂತಾಗ ಏನು ಕೆಡುತ್ತೆ? ಒಲೆ ಕೈಗೆ ಸಿಗಲ್ಲ. ಹಾಲು ಉಕ್ಕುತ್ತೆ. ಪರಿಹಾರ? ಒಲೆ ಪಕ್ಕದಲ್ಲೇ ನಿಂತು ತುರಿಯೋದು, ಹಾಲು ಏರಿದಾಗ ಹಿಡಿ ಬಿಟ್ಟು ಅದೇ ಕೈಲಿ ಒಲೆ ಆರಿಸೋದು. ಮೂರೂ ಒಂದೇ ದಾರಕ್ಕೆ ಪೋಣಿಸಿಕೊಂಡವು.

ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ನಿಮ್ಮ ಹತ್ತಿರ ಇರೋದು 375 ಫ್ರೇಮ್. ಹೀಗೆ ಹಂಚಿ.

0ರಿಂದ 2.5: ಕ್ಯಾಮೆರಾ ನೆಲದ ಮಟ್ಟದಲ್ಲಿ. ಮುಂದೆ ತುರಿಮಣೆ ಮತ್ತು ಕೈ, ಹಿಂದೆ ಮೇಲ್ಗಡೆ ಕಟ್ಟೆ, ಅದರ ಮೇಲೆ ಒಲೆ, ಹಾಲಿನ ಪಾತ್ರೆ. ಒಲೆ ಎಷ್ಟು ದೂರ ಅಂತ ಮೊದಲ ಚಿತ್ರದಲ್ಲೇ ಗೊತ್ತಾಗಬೇಕು. ಧ್ವನಿ: "ಕಾಯಿ ತುರಿಯೋಕೆ ನೆಲಕ್ಕೆ ಕೂತ್ರೆ…"

2.5ರಿಂದ 4.5: ಪಾತ್ರೆ ಹತ್ತಿರದಿಂದ, ಹಾಲು ಕಂಠದವರೆಗೆ ಏರ್ತಿದೆ. ಥಟ್ಟನೆ ನೆಲಕ್ಕೆ ಬನ್ನಿ, ಕೈಯೂರಿ ಏಳೋ ಪ್ರಯತ್ನ. ಧ್ವನಿ: "ಅಯ್ಯೋ, ಹಾಲು!" ಅಷ್ಟೇ. ಉಕ್ಕಿ ಚೆಲ್ಲೋವರೆಗೆ ತೋರಿಸಬೇಡಿ. ಚೆಲ್ಲಿದ ಮೇಲೆ ನೋಡೋರ ತಲೆ ಒಲೆ ಒರೆಸೋ ಕಡೆಗೆ ಹೋಗುತ್ತೆ.

4.5ರಿಂದ 12: ಮಷೀನು. ಮೊದಲ ಫ್ರೇಮಲ್ಲೇ ಬಲಗೈ ಹಿಡಿ ಮೇಲೆ, ಚೌಕಟ್ಟಿನೊಳಗೆ ಅದೇ ಒಲೆ, ಅದೇ ಪಾತ್ರೆ. "ನಿಂತಲ್ಲೇ ತುರೀರಿ, ಒಲೆ ಪಕ್ಕದಲ್ಲೇ." ಆಮೇಲೆ ಲಿವರ್ ಒತ್ತೋದು 1 ಸೆಕೆಂಡ್, ತುರಿ ಉದುರೋದು ಹತ್ತಿರದಿಂದ 3 ಸೆಕೆಂಡ್. "ಲಿವರ್ ಒತ್ತಿ, ಹಿಡಿ ತಿರುಗಿಸಿ, ಅಷ್ಟೇ." ಕೊನೆಗೆ ಹಾಲು ಏರುತ್ತೆ, ಕೈ ಚಾಚಿ ಒಲೆ ಆರಿಸ್ತಾರೆ. ಈ ಶಾಟು ಬಿಟ್ಟರೆ ಕೆಣಕಿದ್ದೆಲ್ಲ ದಂಡ.

12ರಿಂದ 15: ಮಷೀನು, ತುರಿ ತುಂಬಿದ ಬಟ್ಟಲು, ಅಂಗಡಿ ಹೆಸರು.

ಧ್ವನಿಯನ್ನ ಪದದ ಲೆಕ್ಕದಲ್ಲಿ ಅಳೀಬೇಡಿ. ಕನ್ನಡದಲ್ಲಿ ಒಂದೇ ಪದ ಎರಡಕ್ಷರದ್ದೂ ಆಗಬಹುದು, ಒಂಬತ್ತರದ್ದೂ ಆಗಬಹುದು. ಅವಸರ ಇಲ್ಲದೆ ಓದಿದರೆ ಸೆಕೆಂಡಿಗೆ ಸುಮಾರು 6 ಅಕ್ಷರ. ಮೇಲಿನ ಮಾತುಗಳೆಲ್ಲ ಸೇರಿ 40ರ ಆಸುಪಾಸು ಬರುತ್ತೆ, ಅಂಗಡಿ ಹೆಸರಿಗೆ, ಉಸಿರಿಗೆ, ಹೋಳು ಕರಕರ ಅನ್ನೋ ಸದ್ದಿಗೆ ಜಾಗ ಉಳಿಯುತ್ತೆ.

ಮಲೆನಾಡ_ಮನೆ:
ನಮ್ಮನೆ ಮಷೀನೂ ಇದೇ ತೊಂದರೆ ಕೊಡ್ತಿದೆ. ಕೂರ್ತಾನೇ ಇಲ್ಲ. ಲಿವರ್ ಒತ್ತಿ ನಾಲ್ಕು ಸುತ್ತು ತಿರುಗಿಸೋಷ್ಟರಲ್ಲಿ ಬುಡ ಎದ್ದು ಬರುತ್ತೆ. ಕಡಪ ಕಲ್ಲಿನ ಕಟ್ಟೆ.

ಪಾತ್ರೆ_ಪರಿಚಾರಕ:
ಅಕ್ಕಾ, ಇಲ್ಲಿ ಮಾತು ಜಾಹೀರಾತಿನದು, ಆದ್ರೂ ಹೇಳ್ತೀನಿ. ಕಲ್ಲು ಒರಟಾಗಿದ್ರೆ ಸಣ್ಣ ಸಣ್ಣ ಕುಳಿಗಳಿಂದ ಗಾಳಿ ಒಳಗೆ ನುಗ್ಗುತ್ತೆ, ರಬ್ಬರ್ ಹಿಡ್ಕೊಳ್ಳಲ್ಲ. ಬುಡಕ್ಕೂ ಕಲ್ಲಿಗೂ ಅಂಟಿರೋ ಹಿಟ್ಟು, ಎಣ್ಣೆ ತೊಳೆದು, ರಬ್ಬರಿಗೆ ಒಂದು ತೊಟ್ಟು ನೀರು ಸವರಿ ಒತ್ತಿ ನೋಡಿ. ಆಗಲೂ ಎದ್ದರೆ ಪಾಲಿಶ್ ಮಾಡಿದ ಗ್ರಾನೈಟ್ ಅಥವಾ ಗಾಜಿನಂಥ ನುಣುಪು ಜಾಗವೇ ಬೇಕು. ಟೈಲ್ಸ್ ಆದರೆ ಎರಡು ಟೈಲ್ ನಡುವಿನ ಗೆರೆ ಮೇಲೆ ಇಡಬೇಡಿ.

ಎಡಿಟ್_ಮೇಜು:
ಅಕ್ಕ ಕೇಳಿದ್ದು ಜಾಹೀರಾತಿಗೂ ಬೇಕಾದ್ದೇ. ನೀವು ಗ್ರಾನೈಟ್ ಮೇಲೆ ಚಿತ್ರೀಕರಿಸಿ "ಜಾರಲ್ಲ" ಅಂದಿದ್ದೀರಿ, ಕಡಪ ಕಲ್ಲಿನ ಮನೆಯವರು ತಗೊಂಡು ಹೋಗಿ ವಾಪಸ್ ತರ್ತಾರೆ. ಲಿವರ್ ಶಾಟಿನ ಮೇಲೆ "ನುಣುಪಾದ ಕಟ್ಟೆಗೆ" ಅಂತ ಅಕ್ಷರ ಹಾಕಿ.

ತುರಿ ಉದುರೋ ಶಾಟನ್ನ ವೇಗ ಹೆಚ್ಚಿಸಬೇಡಿ. ಹಿಡಿ ಫ್ಯಾನಿನ ಹಾಗೆ ತಿರುಗಿದ್ರೆ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಕೂಡ, ವಸ್ತುವಿನ ಸಾಮರ್ಥ್ಯವನ್ನ ಉಬ್ಬಿಸಿ ದಾರಿ ತಪ್ಪಿಸಬಾರದು ಅನ್ನುತ್ತೆ. ಸಮಯ ಉಳಿಸೋಕೆ ಕತ್ತರಿಸಿ: ಅರ್ಧ ತುರಿದ ಹೋಳು, ಆಮೇಲೆ ನೇರ ತುಂಬಿದ ಬಟ್ಟಲು. ಕತ್ತರಿಸಿದ್ದನ್ನ ಯಾರೂ ಮೋಸ ಅನ್ನಲ್ಲ.

ಹೊಸ_ಕ್ಯಾಮೆರಾ:
ನಿನ್ನೆ ಪರೀಕ್ಷೆಗೆ ಅಂತ ಮೊಬೈಲಲ್ಲಿ ತೆಗೆದೆ. ಎರಡು ತೊಂದರೆ. ಹಾಲು ಏರೋದು ಪ್ರತಿ ಸಲ ಬೇರೆ ಹೊತ್ತಿಗೆ, ಕೈ ತಪ್ಪಿ ಹೋಗುತ್ತೆ. ಸ್ಟೀಲ್ ತಟ್ಟೆ ಮೇಲೆ ತುರಿ ಕಾಣೋದೇ ಇಲ್ಲ, ಬರೀ ಬೆಳಕು ಹೊಡೆಯುತ್ತೆ.

ಪಾತ್ರೆ_ಪರಿಚಾರಕ:
ಸ್ಟೀಲ್ ತಟ್ಟೆ ತೆಗೆದು ಬಾಳೆ ಎಲೆ ತುಂಡು ಹಾಕಿ, ಇಲ್ಲ ಕಪ್ಪು ಗ್ರಾನೈಟ್ ಮೇಲೆ ನೇರ ಉದುರಿಸಿ. ಕಾಯಿ ಬಲಿತಿರಬೇಕು, ಆದರೆ ಒಳಗೆ ಹಸಿ ಇರಬೇಕು. ಕೊಬ್ಬರಿ ಆಗೋಕೆ ಶುರುವಾದ ಕಾಯಿ ಎಳೆಎಳೆಯಾಗಿ ಬರಲ್ಲ. ಸಮ ಒಡೆದ ಹೋಳು ಆರಿಸಿ, ಅಂಚು ಓರೆಯಾಗಿದ್ರೆ ಹಲ್ಲು ಒಂದೇ ಕಡೆ ಕಚ್ಚಿ ಹಿಡಿ ಎಗರುತ್ತೆ. ಕರಟ ಮುಟ್ಟೋವರೆಗೆ ತುರಿದ್ರೆ ಕಂದು ಪುಡಿ ಬೀಳುತ್ತೆ, ಅದಕ್ಕೆ ಮುಂಚೆ ನಿಲ್ಲಿಸಿ.

ಎಡಿಟ್_ಮೇಜು:
ಹಾಲನ್ನ ಮತ್ತು ಕೈಯನ್ನ ಒಟ್ಟಿಗೆ ತೆಗೀಬೇಡಿ. ಸಣ್ಣ ಬಾಯಿಯ ಪಾತ್ರೆಯಲ್ಲಿ ಅರ್ಧ ಲೀಟರ್ ಇಟ್ಟು, ಅಂಚಲ್ಲಿ ಗುಳ್ಳೆ ಕೂಡೋಕೆ ಶುರುವಾದಾಗ ರೆಕಾರ್ಡ್ ಒತ್ತಿ, ಏರೋದನ್ನ ಮಾತ್ರ ತಗೊಳ್ಳಿ. ಅದೇ ತುಣುಕನ್ನ ಕೆಣಕಿನಲ್ಲೂ ಪರಿಹಾರದಲ್ಲೂ ಬಳಸಿ. ಹಾಲು ಅದೇ ಎತ್ತರಕ್ಕೆ ಬಂದಾಗ ಈ ಸಲ ಕೈ ಸಿಗ್ತು ಅಂತ ಒಂದು ಮಾತೂ ಇಲ್ಲದೆ ಅರ್ಥ ಆಗುತ್ತೆ. ಇನ್ನು ಕಪ್ಪು ಬಿಳುಪು ಬಿಡಿ. ಬಣ್ಣ ಬದಲಾದ್ರೆ ಅದು ಬೇರೆ ಮನೆ ಅನ್ಸುತ್ತೆ, ಬೆಳಕು ಎರಡೂ ಕಡೆ ಒಂದೇ ಇರಲಿ.

ಪೂರ್ತಿ ಜೋಡಿಸಿದ ಮೇಲೆ ಶಬ್ದ ತೆಗೆದು ಈ ಜಾಹೀರಾತು ನೋಡದವರಿಗೆ ಒಮ್ಮೆ ತೋರಿಸಿ, "ಏನು ತೊಂದರೆ ಇತ್ತು?" ಅಂತ ಕೇಳಿ. "ಹಾಲು ಉಕ್ಕೋದರಲ್ಲಿತ್ತು" ಅಂದ್ರೆ ಸಾಲದು. "ಕೆಳಗೆ ಕೂತಿದ್ರು, ಒಲೆ ಸಿಗಲಿಲ್ಲ" ಅಂತ ಬರಬೇಕು. ಮೊದಲನೇ ಉತ್ತರ ಬಂದ್ರೆ ನೆಲದ ಶಾಟಲ್ಲಿ ಒಲೆ ಕಂಡಿಲ್ಲ ಅಂತ ಅರ್ಥ, ಕ್ಯಾಮೆರಾ ಇನ್ನೂ ಹಿಂದಕ್ಕೆ ಸರಿಸಿ.

ಬಿಸಿ_ಸುದ್ದಿ:
ಹಾಲಿನ ವಿಚಾರ ಒಪ್ದೆ. ಆದ್ರೆ 12ರಿಂದ 15ರಲ್ಲಿ ಬೆಲೆ ಹಾಕ್ಲೇಬೇಕು, ಇಲ್ದಿದ್ರೆ ಜನ ಯಾಕೆ ಬರ್ತಾರೆ?

ಎಡಿಟ್_ಮೇಜು:
ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ. ಬೆಲೆ ಕಮ್ಮಿ ಇದ್ದು ಪಕ್ಕದಂಗಡಿಗಿಂತ ಎದ್ದು ಕಾಣೋದಾದ್ರೆ ಹಾಕಿ. ಇಲ್ಲಾಂದ್ರೆ ಕೊನೆ 3 ಸೆಕೆಂಡು ನೋಡೋರು ಹಾಲು ಬಿಟ್ಟು ದುಡ್ಡಿನ ಲೆಕ್ಕಕ್ಕೆ ಬೀಳ್ತಾರೆ. ಎರಡೂ ಮಾಡಿ ಒಂದೊಂದು ವಾರ ಓಡಿಸಿ, ಅಂಗಡಿಗೆ ಬಂದವರನ್ನ ಎಣಿಸಿ.

ಬೆಣ್ಣೆ_ಊರು:
ಇದೇ ಲೆಕ್ಕ ದಾರ ಎಳೆಯೋ ಚಾಪರ್‌ಗೂ ಬರುತ್ತಾ? ನಮ್ಮದರಲ್ಲಿ ಈರುಳ್ಳಿ ಹೆಚ್ಚೋದು ಸಮಸ್ಯೆ, ಕಣ್ಣೀರು ಕೆಣಕು, ಚಾಪರ್ ಪರಿಹಾರ.

ಎಡಿಟ್_ಮೇಜು:
ಬರುತ್ತೆ, ಆದರೆ ನಿಮ್ಮ ಕೆಣಕಿಗೆ ಚಾಪರ್ ಪೂರ್ತಿ ಉತ್ತರ ಕೊಡಲ್ಲ. ಸಿಪ್ಪೆ ಸುಲಿದು ನಾಲ್ಕು ಹೋಳು ಮಾಡೋದು ಕೈಯಲ್ಲೇ, ಆಮೇಲೆ ಮುಚ್ಚಳ ತೆಗೆದಾಗ ಘಾಟು ನೇರ ಮುಖಕ್ಕೆ ಬರುತ್ತೆ. ತಗೊಂಡವರು ಮೊದಲ ದಿನವೇ ಅತ್ತರೆ ಜಾಹೀರಾತು ಸುಳ್ಳಾಯ್ತು. ಮುಚ್ಚಳ ತೆಗೆಯೋ ಶಾಟಲ್ಲಿ ಮುಖ ದೂರ ಇಟ್ಟು ತೆಗೆದು ತಪ್ಪಿಸಿಕೊಳ್ಳಬಹುದು, ಅದು ನನಗೆ ಸರಿ ಕಾಣಲ್ಲ. ಕಣ್ಣೀರು ಬಿಟ್ಟು ಬೇರೆ ಯಾವ ಪರಿಣಾಮ ಹಿಡಿಯೋದು ಅಂತ ಯಾರಿಗಾದ್ರೂ ಹೊಳೆದ್ರೆ ಬರೀರಿ. ಪಲ್ಯಕ್ಕೆ ಬೇಕಾದ ಉದ್ದ ಹೋಳು ಅದರಲ್ಲಿ ಬರಲ್ಲ, ಅದನ್ನ ಮರೀಬೇಡಿ.