ಮದುವೆ ಫೋಟೋ ಶಾರ್ಪನಿಂಗ್: ರೀಟಚಿಂಗ್ ಮಾಡುವವರನ್ನು ಕೇಳಿ

ಹಾಸನದ ಸದಸ್ಯ: ಸರ್, ಮದುವೆ ಹೆಣ್ಣಿನ ಫೋಟೋ, ಐಎಸ್ಒ 3200. ಶಾರ್ಪ್ ಮಾಡಿದರೆ ಕಣ್ಣು ಚೆನ್ನಾಗಿ ಬರುತ್ತದೆ, ಆದರೆ ಕೆನ್ನೆ ಮೇಲಿನ ಪೌಡರ್ ಎದ್ದು ಕಾಣುತ್ತದೆ. ಹಿಂದಿನ ಗೋಡೆ ಮರಳು ಮರಳು. ರೇಷ್ಮೆ ಸೀರೆಯೂ ಕಾಣಬೇಕು. ಏನು ಮಾಡಲಿ?

ರೀಟಚರ್: ಮೊದಲು ನಾಯ್ಸ್ ಇಳಿಸಿ. ಆಮೇಲೆ ಫೋಟೋಶಾಪ್‌ನಲ್ಲಿ Ctrl+J ಒತ್ತಿ ಲೇಯರ್ ನಕಲು ಮಾಡಿ, ಅದಕ್ಕೆ High Pass ಫಿಲ್ಟರ್ ಹಾಕಿ. ರೇಡಿಯಸ್ 1.5 ಆಸುಪಾಸು ಇಟ್ಟು ನೋಡಿ. ಬೂದು ಬಣ್ಣದ ಮೇಲೆ ರೆಪ್ಪೆಗೂದಲು ಕಂಡರೆ ಸಾಕು, ಇಡೀ ಮುಖವೇ ಕಾಣತೊಡಗಿದರೆ ಜಾಸ್ತಿಯಾಯಿತು. ಬ್ಲೆಂಡ್ ಮೋಡ್ Overlay. ಈಗ Alt ಹಿಡಿದು ಮಾಸ್ಕ್ ಬಟನ್ ಒತ್ತಿ, ಕಪ್ಪು ಮಾಸ್ಕ್ ಬಂದು ಶಾರ್ಪನೆಸ್ ಪೂರ್ತಿ ಮರೆಯಾಗುತ್ತದೆ. ಮೆತ್ತನೆ ಅಂಚಿನ ಬಿಳಿ ಬ್ರಷ್‌ನಲ್ಲಿ ಪಾಪೆ, ಮೇಲಿನ ರೆಪ್ಪೆ, ಹುಬ್ಬಿಗೆ ಮಾತ್ರ ಬಳಿಯಿರಿ. ಬಿಳಿಗುಡ್ಡೆ ಮುಟ್ಟಬೇಡಿ, ಕೆಂಪು ನರ ಎದ್ದುಬಿಡುತ್ತದೆ.

ಕೂದಲಿಗೆ ಬೇರೆ ಲೇಯರ್ ಮಾಡಿ. ಹಣೆ ಪಕ್ಕದ ಎಳೆಗಳಿಗೆ, ಜಡೆಯ ಹೆಣಿಗೆಗೆ ಕೊಡಿ. ಬೆಳ್ಳಗಿನ ಗೋಡೆಗೆ ತಾಗುವ ಅಂಚನ್ನು ಬಿಡಿ, ಅಲ್ಲೇ ಬಿಳಿ ಗೆರೆ ಏಳುವುದು.

ನನಗೆ ಚಿಂತೆ ಇರುವುದು ಸೀರೆಯದ್ದು. 100% ಜೂಮ್‌ನಲ್ಲಿ ನೆರಿಗೆ ನೋಡಿ. ನೇಯ್ಗೆಯಲ್ಲಿ ಇಲ್ಲದ ಬಣ್ಣದ ಪಟ್ಟೆ ಕಾಣುತ್ತಿದ್ದರೆ ಅದು ಮ್ವಾರೆ. ಶಾರ್ಪನಿಂಗ್ ಅದನ್ನು ಇನ್ನೂ ಎತ್ತಿ ತೋರಿಸುತ್ತದೆ, ಆ ಜಾಗಕ್ಕೆ ಬ್ರಷ್ ಒಯ್ಯಲೇಬೇಡಿ. ಜರಿ ಈಗಾಗಲೇ ಹೊಳೆಯುತ್ತಿರುತ್ತದೆ, ಇನ್ನೂ ಕೊಟ್ಟರೆ ಬಿಳಿ ಚುಕ್ಕೆಯಾಗಿ ಸುಟ್ಟುಹೋಗುತ್ತದೆ. ಸೀರೆಗೂ ಬೇರೆ ಲೇಯರ್ ಮಾಡಿ, ಅದರ ಅಪಾಸಿಟಿ 40%ಗೆ ಇಳಿಸಿ, ಸೆರಗಿನ ಬುಟ್ಟಾಗಳಿಗೆ ಮಾತ್ರ ಬಳಿದು ನೋಡಿ. ಆಲ್ಬಮ್ ಅಳತೆಗೆ ತಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಮೈಸೂರಿನ ಸದಸ್ಯ: ಇಷ್ಟೆಲ್ಲ ಯಾಕೆ? ಲೈಟ್‌ರೂಮ್‌ನಲ್ಲಿ Masking ಸ್ಲೈಡರ್ ಎಳೆದರೆ ಆಯ್ತಲ್ವಾ, ಅಂಚು ಮಾತ್ರ ಶಾರ್ಪ್ ಆಗುತ್ತದೆ.

ರೀಟಚರ್: ಅರ್ಧ ಸರಿ. Alt ಹಿಡಿದು ಎಳೆದು ನೋಡಿ, ಬಿಳಿಯಾಗಿ ಕಾಣುವುದೆಲ್ಲ ಶಾರ್ಪ್ ಆಗುವ ಜಾಗ. ಕೆನ್ನೆ, ಗೋಡೆ ಬಚಾವಾಗುತ್ತವೆ. ಜರಿ, ಕೂದಲಿನ ಅಂಚು ಬಚಾವಾಗುವುದಿಲ್ಲ, ಅವೂ ಅಂಚುಗಳೇ ಅಲ್ವಾ.

ಮೈಸೂರಿನ ಸದಸ್ಯ: ನನ್ನ ಕ್ಲೈಂಟ್‌ಗಳು ಯಾರೂ ದೂರು ಹೇಳಿಲ್ಲ.

ಶಿರಸಿಯ ಸದಸ್ಯೆ: ನೀವು ತೆಗೆಯುವುದು ಸ್ಕೂಲ್ ಗ್ರೂಪ್ ಫೋಟೋ. ಅಲ್ಲಿ ಜರಿ ಎಲ್ಲಿಂದ ಬರಬೇಕು?

ಮೈಸೂರಿನ ಸದಸ್ಯ: ಮೇಡಂ, ಕೆಲಸದ ಬಗ್ಗೆ ಮಾತಾಡಿ, ನನ್ನ ಬಗ್ಗೆ ಬೇಡ.

ತುಮಕೂರಿನ ಸದಸ್ಯ: ಫಾರ್ವರ್ಡ್ ಬಂದಿದೆ: Unsharp Mask ಫಿಲ್ಟರ್‌ನಲ್ಲಿ Amount 150, Radius 3, Threshold 0, ಎಲ್ಲ ಫೋಟೋಗೂ ಆಗುತ್ತದಂತೆ.

ರೀಟಚರ್: ದಯವಿಟ್ಟು ಇದನ್ನು ಹರಡಬೇಡಿ. Threshold 0 ಅಂದರೆ ನಾಯ್ಸ್‌ಗೂ ಪೂರ್ತಿ ಶಾರ್ಪನಿಂಗ್. ಹಾಸನದವರ ಗೋಡೆ ಮರಳಾಗಿದ್ದು ಇಂಥದ್ದರಿಂದಲೇ.

ಕೋಲಾರದ ಸದಸ್ಯ: ಅಣ್ಣಾ, ನನ್ನದರಲ್ಲಿ ಫೋಕಸ್ ಕಿವಿ ಮೇಲೆ ಕೂತಿದೆ. ಕಣ್ಣಿಗೆ ಮಾಸ್ಕ್ ಹಾಕಿದರೆ ಬರುತ್ತದಾ?

ರೀಟಚರ್: ಬರುವುದಿಲ್ಲ. ಇಲ್ಲದ ರೆಪ್ಪೆಯನ್ನು High Pass ತಂದುಕೊಡುವುದಿಲ್ಲ. ಬೇರೆ ಫ್ರೇಮ್ ಹುಡುಕಿ.

ಗದಗದ ಸದಸ್ಯ: ಮೊಬೈಲ್ ಆಪ್‌ನಲ್ಲಿ ಇದೇ ಥರ ಮಾಡುವುದು ಹೇಗೆ?

ತುಮಕೂರಿನ ಸದಸ್ಯ: ಸರ್, ಕೂದಲಿಗೆ ಎಷ್ಟು ರೇಡಿಯಸ್? ಒಂದೇ ನಂಬರ್ ಹೇಳಿ.

ರೀಟಚರ್: ಒಂದೇ ನಂಬರ್ ಇಲ್ಲ. ಮೇಲೆ ಓದಿ.

ತುಮಕೂರಿನ ಸದಸ್ಯ: ಓದಿದೆ, ಕಣ್ಣಿಗೆ ಮಾತ್ರ ಬರೆದಿದ್ದೀರಿ.

ರೀಟಚರ್: 0.8ರಿಂದ ಶುರು ಮಾಡಿ. ಹಾಸನದವರೇ, ನೆರಿಗೆಯ ಕ್ರಾಪ್ ಕಳಿಸಿ. ಪಟ್ಟೆ ಇದೆಯೋ ಇಲ್ಲವೋ ನೋಡದೆ ಸೀರೆ ಬಗ್ಗೆ ಇನ್ನೇನೂ ಹೇಳಲಾರೆ.