ಅಪ್‌ಡೇಟ್: ಅಜ್ಜನ ಕೇಪಿನ ಕೋವಿ ಎಷ್ಟು ಹಳೆಯದು?

ನಾನು ಕೇಳಿದ್ದು: "ಅಟ್ಟದಲ್ಲಿ ಸಿಕ್ಕ ಕೇಪಿನ ಕೋವಿ ಯಾವ ಕಾಲದ್ದು, ಎಲ್ಲಿಯದು?"

ನೀವೆಲ್ಲ ಹೇಳಿದ ಹಾಗೆ ಮೊದಲು ನಳಿಗೆಯೊಳಗೆ ಕಡ್ಡಿ ಇಳಿಸಿ, ಅದೇ ಅಳತೆ ಹೊರಗೆ ಹಿಡಿದು ನೋಡಿದೆ. ಕಡ್ಡಿ ಕಿವಿರಂಧ್ರದವರೆಗೂ, ಅಂದ್ರೆ ಮದ್ದಿಗೆ ಬೆಂಕಿ ತಾಗುವ ಹಿಂದಿನ ತೂತಿನವರೆಗೂ, ಹೋಗಿತ್ತು. ಒಳಗೆ ಮದ್ದು ಇಲ್ಲ ಅಂತ ಧೈರ್ಯ ಬಂತು.

ಆಮೇಲೆ ಲಾಕಿನ, ಅಂದ್ರೆ ಮದ್ದಿಗೆ ಬೆಂಕಿ ಹೊತ್ತಿಸುವ ಯಂತ್ರದ, ತಗಡಿಗೆ ಎಣ್ಣೆ ಹಚ್ಚಿ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ, ಮರಳುಕಾಗದ ಮುಟ್ಟಲಿಲ್ಲ. ತುಕ್ಕಿನಡಿ ಒಂದು ಹೃದಯದ ಗುರುತು ಕಂಡಿತು! ನಾಲ್ಕು ಭಾಗ ಮಾಡಿ ವಿ, ಇ, ಐ, ಸಿ ಅಕ್ಷರ ಕೆತ್ತಿದ್ದಾರೆ, ಮೇಲೆ ಇಂಗ್ಲಿಷ್ ನಾಲ್ಕರಂಥ ಗೆರೆ. ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು. ಸುಮಾರು 1808ರ ನಂತರ ಕಂಪನಿ ಇದರ ಬದಲು ನಿಂತ ಸಿಂಹ ಹಾಕುತ್ತಿತ್ತು, ಹಾಗಾಗಿ ತಗಡು ಅದಕ್ಕಿಂತ ಹಳೆಯದು.

ಆದರೆ ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಕೇಪು ಬಂದದ್ದು ಅದಾದ ಎಷ್ಟೋ ವರ್ಷಕ್ಕೆ ಅಲ್ವಾ? ಉತ್ತರ ಕುದುರೆಯ, ಅಂದ್ರೆ ಕೇಪಿಗೆ ಬಡಿಯುವ ಸುತ್ತಿಗೆಯ, ಮುಂದೆಯೇ ಇತ್ತು. ಅಲ್ಲಿ ಮೂರು ತೂತು ಮುಚ್ಚಿದ ಕಲೆ ಇದೆ, ಚಕಮಕಿ ಕಲ್ಲು ಬಡಿಯುವ ಉಕ್ಕಿನ ತುಂಡು ಮತ್ತು ಅದರ ಸ್ಪ್ರಿಂಗು ಕೂರುತ್ತಿದ್ದ ಜಾಗ. ಅಂದ್ರೆ ಚಕಮಕಿ ಕೋವಿಯನ್ನೇ ಆಮೇಲೆ ಯಾರೋ ಕೇಪಿಗೆ ಬದಲಾಯಿಸಿದ್ದಾರೆ.

ನಳಿಗೆ 39 ಇಂಚು, ಕಂಪನಿ ಮಸ್ಕೆಟ್‌ನದೇ ಅಳತೆ. ಆದರೂ ಲಾಕು ಬೇರೆ ಕೋವಿಯಿಂದ ಬಂದಿರಬಹುದು. ಮರದಿಂದ ನಳಿಗೆ ಬಿಚ್ಚಿ ಅಡಿಯ ಮುದ್ರೆ ನೋಡಿದ ಮೇಲೇ ಅದರ ವಯಸ್ಸು ಹೇಳುತ್ತೇನೆ.