ಸಹಾಯ ಬೇಕು: ಹೊಸಬರಿಗೆ ಪಿಎಫ್, ಆರೋಗ್ಯ ವಿಮೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಪಿಎಫ್ ನಿಯಮ ಮತ್ತು ಗುಂಪು ಆರೋಗ್ಯ ವಿಮೆಯ ಪಾಲಿಸಿ ನೋಡಿ ಒಂದು ಪುಟದ ಪ್ರಶ್ನೋತ್ತರ ಬರೆಯುತ್ತಿದ್ದೇವೆ. ಎರಡು ಉತ್ತರಗಳನ್ನು ಓದಿ, ಎಲ್ಲಿ ಅರ್ಥವಾಗುವುದಿಲ್ಲ ಹೇಳಿ.

ಪ್ರಶ್ನೆ: ಕಂಪನಿಯೂ ನನ್ನಷ್ಟೇ ಕಟ್ಟುತ್ತದೆ ಅಂದಿರಿ, ಪಾಸ್‌ಬುಕ್‌ನಲ್ಲಿ ಕಡಿಮೆ ಕಾಣುತ್ತಿದೆಯಲ್ಲ?
ಉತ್ತರ: ಮೂಲ ವೇತನ ಮತ್ತು ಡಿಎ ಸೇರಿ 15,000 ರೂ. ಇದ್ದರೆ ನಿಮ್ಮ ಪಾಲು ಶೇ. 12, ಅಂದರೆ 1,800. ಕಂಪನಿಯದೂ 1,800. ಆದರೆ ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗಿ, ಪಿಎಫ್‌ಗೆ 550 ಉಳಿಯುತ್ತದೆ. ಹಣ ಕಳೆದಿಲ್ಲ, ಬೇರೆ ಕಾಲಂನಲ್ಲಿದೆ.

ಪ್ರಶ್ನೆ: ವಿಮೆ 3 ಲಕ್ಷ ಇದ್ದರೂ ಆಸ್ಪತ್ರೆಯಲ್ಲಿ ಕೈಯಿಂದ ಯಾಕೆ ಕಟ್ಟಬೇಕು?
ಉತ್ತರ: ಕೊಠಡಿ ಬಾಡಿಗೆಗೆ ದಿನಕ್ಕೆ 5,000 ಮಿತಿಯಿದ್ದು ನೀವು 8,000ದ ಕೊಠಡಿ ಹಿಡಿದರೆ, ಕೈಯಿಂದ ಕಟ್ಟಬೇಕಾದದ್ದು ಹೆಚ್ಚಿನ 3,000 ಮಾತ್ರವಲ್ಲ. ಪಾಲಿಸಿಯಲ್ಲಿ ಅನುಪಾತದ ಕಡಿತವಿದ್ದರೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಬಾಡಿಗೆಯಂಥವಕ್ಕೂ ಎಂಟರಲ್ಲಿ ಐದು ಪಾಲು ಮಾತ್ರ ಸಿಗುತ್ತದೆ. ಆ ಬಾಬ್ತು 80,000 ಆದರೆ ಸಿಗುವುದು 50,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತವಿಲ್ಲ.

ತೊಡಕು ಎರಡನೆಯದರಲ್ಲೇ. ‘ಅನುಪಾತದ ಕಡಿತ’ ಅಂದರೆ ಹೊಸಬರಿಗೆ ತಲೆಗೆ ಹೋಗುವುದಿಲ್ಲ, ತಿಳಿಯುವುದು ಡಿಸ್ಚಾರ್ಜ್ ದಿನವೇ. ಇದಕ್ಕೆ ಸುಲಭವಾದ ಕನ್ನಡ ಮಾತು ಯಾವುದು? ನಿಮ್ಮ ಕಚೇರಿಯಲ್ಲಿ ಹೇಗೆ ಹೇಳುತ್ತೀರಿ, ದಯವಿಟ್ಟು ಬರೆಯಿರಿ.